ಸಮುದ್ರರಾಜನ ಕಿವಿಗಳು

ಅವಳನ್ನು ಎಲ್ಲರೂ ಕಿವಿಯಕ್ಕ ಎಂದು ಕರೆಯುವುದಕ್ಕೆ ಅವಳ ಕಿವಿ ಕಾರಣವಲ್ಲ. ಅದು ಎಲ್ಲರ ಕಿವಿಯ ಹಾಗೆಯೇ ಇದೆ. ಬೇಕಾದ್ದು ಅರ್ಧ ಕೇಳಿಸುತ್ತದೆ, ಬೇಡದ್ದು ಪೂರ್ತಿ ಕೇಳಿಸುತ್ತದೆ. ಹೆಸರು ಬಂದದ್ದು ಇಪ್ಪತ್ತೆರಡು ವರ್ಷದ ಹಿಂದಿನ ಒಂದು ಪೋಸ್ಟರಿನಿಂದ.

ಆಗ ಅವಳು ಪೋಸ್ಟರ್ ಅಂಗಡಿಗೆ ಹೊಸಬಳು. ನಾಟಕ ಕಂಪನಿಯೊಂದು ಆಕಾಶದೇವನ ಕಥೆ ಆಡುತ್ತಿತ್ತು. ದೇವರು ನೀಲಿ, ನಟ ಗೋಧಿಬಣ್ಣ. ಬಣ್ಣ ಬಳಿದ ಮುಖಕ್ಕೆ ಕ್ಯಾಮೆರಾದ ಫ್ಲ್ಯಾಶ್ ಬಿದ್ದರೆ ಎಣ್ಣೆ ಸವರಿದ ಬಕೆಟ್ಟಿನಂತೆ ಮಿಂಚುತ್ತದೆ. ಹಾಗಾಗಿ ಕಂಪನಿಯಲ್ಲಿ ಒಂದು ಪದ್ಧತಿ: ಪೋಸ್ಟರಿಗೆ ಬಣ್ಣ ಹಚ್ಚದೆಯೇ ಫೋಟೋ ತೆಗೆಸುವುದು, ನೀಲಿಯನ್ನು ಕಂಪ್ಯೂಟರಿನಲ್ಲಿ ಕೊಡಿಸುವುದು. ಅವಳು ಮೂರು ದಿನ ಕೂತು ಮುಖ, ಕತ್ತು, ತೋಳು, ಬೆರಳ ಸಂದು, ಉಗುರಿನ ಅಂಚು ಎಲ್ಲವನ್ನೂ ನೀಲಿ ಮಾಡಿದಳು. ಕಿವಿ ಮಾತ್ರ ಮಾಡಲಿಲ್ಲ. ಅವು ಕಿರೀಟದ ಕೆಳಗೆ ಕೂದಲ ನಡುವೆ ಇದ್ದವು. ನೀಲಿ ತಾಗದಂತೆ ಕೂದಲನ್ನು ಮುಚ್ಚಿಡುವಾಗ ಅವೂ ಜೊತೆಗೆ ಮುಚ್ಚಿಹೋದವು. ಅಂಗಡಿಯಲ್ಲಿ ನಾಲ್ಕು ಜನ ನೋಡಿದರು, ಕಂಪನಿಯವರು ಆರು ಜನ ನೋಡಿದರು, ಒಬ್ಬರಿಗೂ ಕಾಣಲಿಲ್ಲ. ಮುನ್ನೂರು ಪೋಸ್ಟರು ಗೋಡೆ ಹತ್ತಿದ ಮೇಲೆ ಇಡೀ ಊರಿಗೆ ಕಂಡಿತು. ದೇವರು ಪಕ್ಕದ ಮನೆಯವರಿಂದ ಕಿವಿ ಎರವಲು ತಂದಿದ್ದಾನೆ ಎಂದು ಬಸ್ ನಿಲ್ದಾಣದಲ್ಲಿ ಜನ ನಿಂತು ನಕ್ಕರು.

ವಾರದ ಕೊನೆಗೆ ಒಬ್ಬ ತೆಳ್ಳಗಿನ ಮನುಷ್ಯ ಹರಿದ ಪೋಸ್ಟರ್ ಹಿಡಿದುಕೊಂಡು ಅಂಗಡಿಗೆ ಬಂದ. ಉಗುರ ಬುಡದಲ್ಲೆಲ್ಲ ತೊಳೆದರೂ ಹೋಗದ ನೀಲಿ.

"ಇದನ್ನ ಮಾಡಿದ್ದು ಯಾರು?"

"ನಾನೇ," ಎಂದಳು. ಅಷ್ಟರಲ್ಲಿ ಬೈಸಿಕೊಂಡು ಬೈಸಿಕೊಂಡು ಚರ್ಮ ದಪ್ಪಗಾಗಿತ್ತು.

"ಮುಖ ತುಂಬ ಚೆನ್ನಾಗಿದೆ. ನೆರಳೆಲ್ಲ ಇದ್ದಲ್ಲೇ ಇದೆ. ಆದ್ರೆ ಈ ಕಿವಿ ಯಾರವು?"

"ನಿಮ್ಮವೇ ಇರಬೇಕು, ನೋಡಿ. ಅಷ್ಟೇ ಅಗಲ ಇವೆ."

ಆತ ಕಂಪನಿಯಲ್ಲಿ ನಟರಿಗೆ ಬಣ್ಣ ಹಚ್ಚುವವನು. ಎಲ್ಲರೂ ಬಣ್ಣದ ಮೇಷ್ಟ್ರು ಎನ್ನುತ್ತಿದ್ದರು. ಆರು ತಿಂಗಳಿಗೆ ಮದುವೆಯಾಯಿತು. ಅಂದಿನಿಂದ ಅವರದು ಎರಡು ನೀಲಿಗಳ ಸಂಸಾರ: ಗೋಡೆಯ ಮೇಲಿನ ನೀಲಿ ಅವಳದು, ರಂಗದ ಮೇಲಿನ ನೀಲಿ ಅವನದು. ಊಟದ ತಟ್ಟೆ ಮುಂದಿಟ್ಟುಕೊಂಡು ಕೆನ್ನೆಯ ನೆರಳಿಗೆ ಎಷ್ಟು ನೇರಳೆ ಬೇಕು ಎಂದು ಜಗಳವಾಡುವ ಗಂಡ ಹೆಂಡತಿ ಬೇರೆಲ್ಲೂ ಇರಲಿಕ್ಕಿಲ್ಲ. ಮಕ್ಕಳಾಗಲಿಲ್ಲ. ಅದಕ್ಕೆ ಒಂದಷ್ಟು ವರ್ಷ ಅತ್ತರು, ಆಮೇಲೆ ಅಳುವುದನ್ನು ಬಿಟ್ಟರು. ಜಗಳ ಮಾತ್ರ ಬಿಡಲಿಲ್ಲ. ಯಾವ ಜಗಳದಲ್ಲಿ ಅವಳು ಗೆಲ್ಲುವ ಹಾಗೆ ಕಂಡರೂ ಅವನ ಬಳಿ ಒಂದು ಕೊನೆಯ ಅಸ್ತ್ರವಿತ್ತು. ತನ್ನ ಕಿವಿಯ ತುದಿಯನ್ನು ಎರಡು ಬೆರಳಲ್ಲಿ ಹಿಡಿದು ಸುಮ್ಮನೆ ಅಲ್ಲಾಡಿಸುತ್ತಿದ್ದ. ಅಷ್ಟಕ್ಕೆ ಅವಳ ಬಾಯಿ ಮುಚ್ಚುತ್ತಿತ್ತು.

ಇಷ್ಟು ಹೇಳಿದರೆ ಅವರ ಇಪ್ಪತ್ತೆರಡು ವರ್ಷ ಹೇಳಿದ ಹಾಗೆಯೇ. ಉಳಿದದ್ದು ಈ ವರ್ಷದ್ದು. ಅದರಲ್ಲಿ ಕಂಪನಿ ಯಜಮಾನರಿದ್ದಾರೆ, ಅದಕ್ಕಿಂತ ಮುಖ್ಯವಾಗಿ ಅವರ ಅಳಿಯ ಇದ್ದಾನೆ.

ಯಜಮಾನರಿಗೆ ಅರವತ್ತೊಂದು. ಕಂಪನಿಯ ಎಲ್ಲ ನಾಟಕಗಳಲ್ಲೂ ನಾಯಕ ಅವರೇ. ಯಾಕೆಂದರೆ ಪಾತ್ರ ಹಂಚುವವರೂ ಅವರೇ. ಹೊಸ ನಾಟಕ ಸಮುದ್ರರಾಜನದು. ರಾಜ ಕಡಲಿನ ಬಣ್ಣದವನು, ಇಪ್ಪತ್ತೈದರ ಹರೆಯದವನು, ಮೊದಲ ಅಂಕದಲ್ಲೇ ಪ್ರೇಮದಲ್ಲಿ ಬೀಳುವವನು. ಯಜಮಾನರಿಗೆ ಬೀಳುವುದು ಕಷ್ಟವಾಗಿರಲಿಲ್ಲ, ಏಳುವುದು ಕಷ್ಟವಾಗಿತ್ತು. ಅದಕ್ಕಿಂತ ಕಷ್ಟವಾದದ್ದು ದಿನವೂ ಎರಡು ಗಂಟೆ ಬಣ್ಣ ಹಚ್ಚಿಸಿಕೊಳ್ಳುವುದು, ಆಟ ಮುಗಿದ ಮೇಲೆ ಒಂದು ಗಂಟೆ ಎಣ್ಣೆ ಹಾಕಿ ಉಜ್ಜಿಸಿಕೊಳ್ಳುವುದು.

ಅಳಿಯ ಅಲ್ಲ ಮಗಳ ಗಂಡ ಎನ್ನುವ ಮಾತಿದೆಯಲ್ಲ, ಯಜಮಾನರ ಮನೆಯಲ್ಲಿ ಅವನು ಎರಡೂ ಆಗಿದ್ದ, ಜೊತೆಗೆ ಕಂಪನಿಯ ಸಲಹೆಗಾರನೂ ಆಗಿದ್ದ. ಯಾವ ಕೆಲಸವನ್ನೂ ಮಾಡಿ ಗೊತ್ತಿಲ್ಲದ್ದರಿಂದ ಎಲ್ಲ ಕೆಲಸದ ಬಗ್ಗೆಯೂ ಅವನಿಗೆ ಅಭಿಪ್ರಾಯವಿತ್ತು. ಒಂದು ದಿನ ಮಾವನ ಫೋಟೋ ತೆಗೆದು, ಮೊಬೈಲಿನ ಮೇಲೆ ಬೆರಳಾಡಿಸಿ, ನೀಲಿ ಮಾಡಿ ತೋರಿಸಿದ.

"ನೋಡಿ ಮಾವ, ಒಂದು ಸೆಕೆಂಡು. ಸ್ಟೇಜ್ ಮೇಲೂ ಅಷ್ಟೇ, ಒಂದು ನೀಲಿ ಲೈಟು ಬಿಟ್ರೆ ಆಯ್ತು. ಸುಮ್ಮನೆ ಮೈಗೆಲ್ಲ ಮೆತ್ತಿಕೊಂಡು ಯಾಕೆ ಒದ್ದಾಡ್ತೀರ?"

ಯಜಮಾನರು ಯೋಚಿಸಿದರು. ಅವರು ಯೋಚಿಸಿದಾಗಲೆಲ್ಲ ಕಂಪನಿಯಲ್ಲಿ ಯಾರಾದರೊಬ್ಬರ ಕೆಲಸ ಹೋಗುತ್ತಿತ್ತು. ಕೊನೆಗೆ ಎಲ್ಲರನ್ನೂ ಕರೆದು ತೀರ್ಪು ಹೇಳಿದರು: "ಜನ ಮೊದಲು ನೋಡೋದು ಪೋಸ್ಟರು. ಪೋಸ್ಟರ್‌ನಲ್ಲಿ ನೀಲಿ ನಂಬೋ ಹಾಗೆ ಬಂದ್ರೆ ಆ ನೀಲಿ ಅವರ ಕಣ್ಣಲ್ಲೇ ಕೂತಿರುತ್ತೆ. ಆಮೇಲೆ ಸ್ಟೇಜ್ ಮೇಲೆ ಬಲ್ಬ್ ಸಾಕು. ಪೋಸ್ಟರು ಚೆನ್ನಾಗಿ ಬಂದ್ರೆ ಬಲ್ಬು, ಬರದಿದ್ರೆ ಹಳೇ ಬಣ್ಣಾನೇ." ಆಮೇಲೆ ಬಣ್ಣದ ಮೇಷ್ಟ್ರ ಕಡೆ ತಿರುಗಿ, "ನೀವೂ ಪಾಪ ಎಷ್ಟಂತ ದುಡೀತೀರ? ವಿಶ್ರಾಂತಿ ತಗೊಳ್ಳಿ," ಎಂದರು. ಕೆಲಸ ಕಿತ್ತುಕೊಳ್ಳುವವರ ಬಾಯಲ್ಲಿ ಆ ಮಾತು ಎಷ್ಟು ಮೃದುವಾಗಿ ಬರುತ್ತದೋ ಅಷ್ಟೇ ಮೃದುವಾಗಿ ಬಂತು.

ಮರುದಿನ ಬೆಳಿಗ್ಗೆ ಮಾವ ಅಳಿಯ ಇಬ್ಬರೂ ಅಂಗಡಿಗೆ ಬಂದು ಕಿವಿಯಕ್ಕನ ಬೆನ್ನಿಗೆ ಕುರ್ಚಿ ಹಾಕಿಕೊಂಡು ಕೂತರು. ಅವಳ ಜಾಗ ಮಹಡಿ ಮೆಟ್ಟಿಲ ಕೆಳಗೆ. ಮಾನಿಟರಿಗೆ ಮೂರು ಕಡೆ ಕಪ್ಪು ರಟ್ಟು ಕಟ್ಟಿದ್ದಳು, ಕಿಟಕಿ ಬೆಳಕು ಬಿದ್ದು ಬಣ್ಣ ಸುಳ್ಳು ಹೇಳಬಾರದೆಂದು. ಪಕ್ಕದಲ್ಲಿ ಮುದ್ರಣ ಯಂತ್ರ ಗರಗರ ಅನ್ನುತ್ತಿತ್ತು, ಅದರಾಚೆ ಲ್ಯಾಮಿನೇಷನ್ ಮೇಜು.

ಅಳಿಯ ಮೊಬೈಲ್ ಮುಂದೆ ಹಿಡಿದ. "ಇದೇ ಥರ ಮಾಡಿ ಸಾಕು."

ಅವಳು ನೋಡಿದಳು. ಮುಖ ನೀಲಿ, ಹಲ್ಲು ನೀಲಿ, ಕಣ್ಣಗುಡ್ಡೆ ನೀಲಿ, ಚಿನ್ನದ ಕಿರೀಟ ನೀಲಿ, ಹಿಂದಿನ ಗೋಡೆಯೂ ನೀಲಿ.

"ಇದು ಸಮುದ್ರರಾಜ ಅಲ್ಲ ಅಣ್ಣ, ಸಮುದ್ರದಲ್ಲಿ ಮುಳುಗಿದೋರು," ಎಂದಳು.

"ಹಾಗಾದ್ರೆ ಮುಖಕ್ಕೆ ಮಾತ್ರ ನೀಲಿ ಬಳೀರಿ."

ಅವಳು ವಾದ ಮಾಡಲಿಲ್ಲ. ದಪ್ಪ ಬ್ರಷ್ ಹಿಡಿದು ಯಜಮಾನರ ಮುಖದ ಫೋಟೋದ ಮೇಲೆ ನೀಲಿ ಬಳಿದಳು. ಮೂಗು ಮಾಯವಾಯಿತು. ಕೆನ್ನೆ ಯಾವುದು ಗಲ್ಲ ಯಾವುದು ತಿಳಿಯದೆ, ಎರಡು ಕಣ್ಣಿನ ತೂತಿರುವ ನೀಲಿ ತಟ್ಟೆಯೊಂದು ಪರದೆಯ ಮೇಲೆ ನಿಂತಿತು. ಯಜಮಾನರು ಕುರ್ಚಿಯಲ್ಲಿ ಹಿಂದೆ ಸರಿದರು.

"ಮುಖ ಅಂದ್ರೆ ಬಣ್ಣ ಅಲ್ಲ ಯಜಮಾನ್ರೇ, ಬೆಳಕು ನೆರಳು. ಎಡಗಡೆಯಿಂದ ದೀಪ ಬಿದ್ದಿದೆ, ಅದಕ್ಕೇ ಮೂಗು ಮೂಗಾಗಿದೆ. ಆ ಬೆಳಕು ನೆರಳು ಹಾಗೇ ಉಳಿಸಿ, ಕೆಳಗಿರೋ ಬಣ್ಣ ಮಾತ್ರ ಬದಲಾಯಿಸಬೇಕು." ಬಳಿದ ಪದರವನ್ನು ಹಾಗೆಯೇ ಇಟ್ಟು, ಅದು ಕೆಳಗಿನ ಚಿತ್ರದೊಡನೆ ಬೆರೆಯುವ ರೀತಿಯನ್ನು 'ಕಲರ್' ಎಂದು ಬದಲಿಸಿದಳು. ಮೂಗು, ಗಲ್ಲ, ಹಣೆಯ ಗೆರೆ, ಗಡ್ಡ ಹೆರೆದ ಜಾಗದ ಚುಕ್ಕಿಗಳು, ಎಲ್ಲವೂ ಒಂದೇ ಏಟಿಗೆ ವಾಪಸು ಬಂದವು. ಬಣ್ಣ ಮಾತ್ರ ನೀಲಿ.

"ಅಬ್ಬ!" ಎಂದರು ಯಜಮಾನರು. ಮರುಕ್ಷಣ ಹುಬ್ಬು ಗಂಟಿಕ್ಕಿದರು. "ಆದ್ರೆ ಏನೋ ಬೂದಿ ಬಳಿದ ಹಾಗಿದೆಯಲ್ಲ?"

"ಹೌದು. ಗೋಧಿಬಣ್ಣಕ್ಕಿರೋ ಬೆಳಕಲ್ಲೇ ನೀಲಿ ಕೊಟ್ರೆ ಪೇಲವ ಕಾಣುತ್ತೆ. ಸ್ವಲ್ಪ ಕಪ್ಪಿಗಿಳಿಸಬೇಕು."

ಕಪ್ಪು ಎಂಬ ಮಾತು ಬಿದ್ದಿದ್ದೇ ತಡ, ಮಾವ ಅಳಿಯ ಇಬ್ಬರೂ ಮುಖ ಮುಖ ನೋಡಿಕೊಂಡರು. "ನೀಲಿ ಇರಲಿ," ಎಂದರು ಯಜಮಾನರು ಗಂಟಲು ಸರಿಮಾಡಿಕೊಂಡು, "ಆದ್ರೆ ಬೆಳ್ಳಗಿರಲಿ."

ಕಿವಿಯಕ್ಕ ತನ್ನ ಕೆಲಸದಲ್ಲಿ ನೂರಾರು ಮುಖ ಬೆಳ್ಳಗೆ ಮಾಡಿದವಳು. ಮದುವೆ ಹೆಣ್ಣನ್ನು, ಮದುವೆ ಗಂಡನ್ನು, ಚುನಾವಣೆಗೆ ನಿಂತವರನ್ನು, ಸತ್ತವರನ್ನೂ ಬೆಳ್ಳಗೆ ಮಾಡಿದ್ದಾಳೆ. ಆದರೆ ಕಡಲನ್ನು ಬೆಳ್ಳಗೆ ಮಾಡಿ ಎಂದವರು ಇವರೇ ಮೊದಲು. ಅವಳು ತುಟಿ ಕಚ್ಚಿ ನಗು ತಡೆದಳು.

ಅಷ್ಟರಲ್ಲಿ ಅಂಗಡಿ ಮಾಲೀಕ ಬಂದು ಅವಳನ್ನು ಮೆಟ್ಟಿಲ ಬಳಿ ಕರೆದ. "ಅಕ್ಕ, ಗಿರಾಕಿ ಹೇಳಿದ್ದು ಕೇಳಿ, ಆದ್ರೆ ಕೆಲಸ ಚೆನ್ನಾಗಿರಲಿ. ಈ ಪೋಸ್ಟರು ಕೆಟ್ರೆ ಕಂಪನಿ ಬೇರೆ ಅಂಗಡಿಗೆ ಹೋಗುತ್ತೆ. ಮುಖದ ಕೆಲಸ ಅಂತ ಈಗ ನಮಗೆ ಉಳಿದಿರೋದೇ ಇವರದ್ದು, ಮಿಕ್ಕೋರೆಲ್ಲ ಮೊಬೈಲಲ್ಲೇ ಮಾಡ್ಕೋತಾರೆ. ಆಮೇಲೆ ನಿಮ್ಮನ್ನ ಲ್ಯಾಮಿನೇಷನ್ ಮೇಜಿಗೆ ಹಾಕ್ಬೇಕಾಗುತ್ತೆ, ಬೇಜಾರು ಮಾಡ್ಕೋಬೇಡಿ." ಹೇಳುವಾಗ ಅವನಿಗೇ ಬೇಜಾರಾಗಿತ್ತು. ಒಳ್ಳೆಯವನೇ, ಆದರೆ ಅಂಗಡಿಯವನು.

ಆ ಸಂಜೆ ಮನೆಯಲ್ಲಿ ಜಗಳವೂ ನಡೆಯಲಿಲ್ಲ. ಗಂಡ ತನ್ನ ಬಣ್ಣದ ಪೆಟ್ಟಿಗೆಯನ್ನು ನೆಲದ ಮೇಲೆ ಬಿಚ್ಚಿಟ್ಟುಕೊಂಡು, ಒಣಗಿದ ಡಬ್ಬಿಗಳನ್ನು ಒಂದು ಕಡೆ, ಒಣಗದವನ್ನು ಒಂದು ಕಡೆ ಜೋಡಿಸುತ್ತಿದ್ದ. ಅವಳು ಎದುರಿಗೆ ಕೂತಳು.

"ರೀ, ಕೆಟ್ಟದಾಗಿ ಮಾಡಿಬಿಡ್ಲಾ?"

"ಏನನ್ನ?"

"ಪೋಸ್ಟರನ್ನ. ನಾನು ಚೆನ್ನಾಗಿ ಮಾಡಿದ್ರೆ ಬಲ್ಬು ಬರುತ್ತೆ, ನಿಮ್ಮ ಕೆಲಸ ಹೋಗುತ್ತೆ."

"ಕೆಟ್ಟದಾಗಿ ಮಾಡಿದ್ರೆ ನಿನ್ನ ಕೆಲಸ ಹೋಗುತ್ತೆ." ಅವನು ತಲೆ ಎತ್ತಲಿಲ್ಲ. "ಅತ್ತ ದರಿ, ಇತ್ತ ಪುಲಿ. ಯಾವುದಾದ್ರೂ ಒಂದು ತಿನ್ನಲೇಬೇಕಲ್ಲ ನಮ್ಮನ್ನ."

"ನಾನು ಲ್ಯಾಮಿನೇಷನ್ ಮಾಡ್ತೀನಿ, ಅದೇನು ಮಹಾ."

ಆಗ ಅವನು ಡಬ್ಬಿ ಕೆಳಗಿಟ್ಟ. ಅವನಿಗೆ ಸಿಟ್ಟು ಬಂದಿತ್ತು. "ನೋಡು, ಮೂವತ್ತು ವರ್ಷ ಅವರ ಮುಖಕ್ಕೆ ಬಣ್ಣ ಹಚ್ಚಿದೀನಿ. ಆ ಮುಖದಲ್ಲಿ ಎಲ್ಲಿ ಎಷ್ಟು ರಕ್ತ ಓಡುತ್ತೆ ಅಂತ ಅವರಿಗಿಂತ ನನಗೆ ಗೊತ್ತು. ಆ ಮುಖಾನ ನೀನು ಬೇಕಂತ ಕೆಡಿಸಿ ಗೋಡೆ ಮೇಲೆ ಅಂಟಿಸಿದ್ರೆ, ನಾನು ಆ ರಸ್ತೇಲಿ ಹೇಗೆ ಓಡಾಡ್ಲಿ? ಮಾಡೋದಾದ್ರೆ ಸರಿಯಾಗಿ ಮಾಡು. ತುಟಿ ಕೆಂಪು ಪೂರ್ತಿ ಕೊಲ್ಲಬೇಡ. ಕಣ್ಣಿನ ಒಳಗಿನ ಮೂಲೆ ಕೆಂಪಗಿರಲಿ. ನೆರಳಿಗೆ ಸ್ವಲ್ಪ ನೇರಳೆ ಕೊಡು."

"ನೇರಳೆ ಬೇಡ ಅಂತ ಇಪ್ಪತ್ತು ವರ್ಷದಿಂದ ಹೇಳ್ತಿದೀನಿ, ಪ್ರಿಂಟಲ್ಲಿ—"

ಅವನು ಕಿವಿಯ ತುದಿ ಹಿಡಿದು ಅಲ್ಲಾಡಿಸಿದ. ಅವಳು ನಕ್ಕಳು, ಆಮೇಲೆ ಒಳಗೆ ಹೋಗಿ ಅತ್ತಳು.

ಮುಂದಿನ ನಾಲ್ಕು ದಿನ ಅವಳು ತನ್ನ ಜೀವಮಾನದಲ್ಲೇ ಅತ್ಯಂತ ಚೆನ್ನಾಗಿ ಕೆಲಸ ಮಾಡಿದಳು. ಚೆನ್ನಾಗಿ ಮಾಡಿದಷ್ಟೂ ಹೊಟ್ಟೆ ಉರಿಯುತ್ತಿತ್ತು.

ಮೊದಲು ಚರ್ಮ ಎಲ್ಲಿ ಮುಗಿಯುತ್ತದೆ ಎಂದು ಗುರುತು ಮಾಡಿದಳು. ಕಣ್ಣು, ಹಲ್ಲು, ಹುಬ್ಬಿನ ಕೂದಲು ಹೊರಗೆ. ಹಣೆಯ ಮೇಲೆ ಕೂದಲು ಶುರುವಾಗುವ ಕಡೆ ಗೆರೆ ಎಳೆದಂತೆ ಕತ್ತರಿಸದೆ, ನೀಲಿ ಮೆಲ್ಲಗೆ ಕೂದಲ ಬುಡದೊಳಕ್ಕೆ ಇಳಿಯುವ ಹಾಗೆ ಬಿಟ್ಟಳು. ಕಿವಿಗಳನ್ನು ಎಲ್ಲಕ್ಕಿಂತ ಮೊದಲು ಗುರುತು ಮಾಡಿದಳು, ಎರಡೆರಡು ಸಲ ಎಣಿಸಿದಳು. ನೀಲಿ ಕೊಟ್ಟ ಮೇಲೆ ಇಡೀ ಚರ್ಮವನ್ನು ಸ್ವಲ್ಪ ಕಪ್ಪಿಗೆ ಇಳಿಸಿದಳು. ಬೂದಿ ಹೋಗಿ ಆಳ ಬಂತು. ಮೂಗಿನ ತುದಿ, ಕೆನ್ನೆಯ ಎತ್ತರ, ಕೆಳದುಟಿಯ ಹೊಳಪು, ಈ ಮೂರು ಕಡೆ ನೀಲಿಯನ್ನು ತೆಳ್ಳಗೆ ಮಾಡಿದಳು. ಹೊಳಪು ಚರ್ಮದ್ದಲ್ಲ, ದೀಪದ್ದು. ದೀಪ ಬೆಳ್ಳಗಿರುವಾಗ ಹೊಳಪು ನೀಲಿಯಾದರೆ ಮುಖ ಪ್ಲಾಸ್ಟಿಕ್ ಆಗುತ್ತದೆ. ಕಿರೀಟದ ಚಿನ್ನ ಹಣೆಯ ಮೇಲೆ ಚೂರು ಹಳದಿ ಚೆಲ್ಲಿತ್ತು, ಅದನ್ನು ಹಾಗೆಯೇ ಉಳಿಸಿದಳು. ಕೊರಳ ಬಳಿಯ ಬಿಳಿ ಬಟ್ಟೆಗೆ ಮೈಯ ನೀಲಿಯನ್ನು ಒಂದಿಷ್ಟು ಸೋಕಿಸಿದಳು. ನಿಜವಾದ ನೀಲಿ ಮೈ ಇದ್ದಿದ್ದರೆ ಅದು ಪಕ್ಕದವರ ಮೇಲೂ ಬೀಳಬೇಕಲ್ಲ.

ಕಿವಿ ಬಹಳ ಕಾಡಿಸಿತು. ಹಿಂದಿನಿಂದ ಒಂದು ದೀಪ ಬಿದ್ದು ಬಲಗಿವಿಯ ಅಂಚು ಕೆಂಪಗೆ ಹೊಳೆಯುತ್ತಿತ್ತು. ತೆಳ್ಳನೆ ಚರ್ಮದೊಳಗಿಂದ ಬೆಳಕು ಹಾದರೆ ರಕ್ತದ ಬಣ್ಣ ಕಾಣುತ್ತದೆ. ಅಲ್ಲಿ ಪೂರ್ತಿ ನೀಲಿ ಕೊಟ್ಟಾಗ ಕಿವಿ ಅಂಟಿಸಿದ ಹಾಗಾಯಿತು. ಕೊನೆಗೆ ಅಂಚಿನಲ್ಲಿ ಮಾತ್ರ ನೀಲಿಯನ್ನು ಸಡಿಲ ಮಾಡಿ ಒಂದು ನಸುನೇರಳೆ ಬಿಸುಪು ಉಳಿಸಿದಳು. ಗಂಡ ಹೇಳಿದ ನೇರಳೆಯೇ. ಅದನ್ನು ಅವನಿಗೆ ಹೇಳಬಾರದು ಎಂದು ತೀರ್ಮಾನಿಸಿದಳು.

ಯಜಮಾನರು ಎರಡು ಸಲ ಬಂದು ಹೋದರು. ಮೊದಲ ಸಲ ಸುಕ್ಕು ತೆಗೆಯಲು ಹೇಳಿದರು. ತೆಗೆದಳು, ಚರ್ಮದ ರಂಧ್ರ ಸಮೇತ ಒರೆಸಿ ತೋರಿಸಿದಳು. ಗಾಳಿ ತುಂಬಿದ ನೀಲಿ ಬಲೂನು ಕಂಡು ಯಜಮಾನರಿಗೇ ಹೆದರಿಕೆಯಾಗಿ, ಸುಕ್ಕು ವಾಪಸು ಹಾಕಲು ಹೇಳಿದರು. ಅರ್ಧ ಹಾಕಿದಳು. ಎರಡನೇ ಸಲ ಜೊತೆಗೆ ಬಂದ ಅಳಿಯ, ನೀಲಿ ಇನ್ನೂ 'ಪವರ್‌ಫುಲ್' ಆಗಲಿ ಎಂದ. ಪರದೆಯ ಮೇಲೆ ಮಿಂಚುವ ನೀಲಿಗೆ ಕಾಗದದ ಮೇಲೆ ಶಾಯಿ ಇಲ್ಲ ಎಂದು ಅವಳು ಹೇಳಿದಳು; ಅವನು ನಂಬಲಿಲ್ಲ. ಅವನು ಹೇಳಿದಂತೆಯೇ ಒಂದು ಹಾಳೆ ಮುದ್ರಿಸಿ ಕೈಗೆ ಕೊಟ್ಟಳು. ಸಮುದ್ರರಾಜ ಬದನೆಕಾಯಿ ಆಗಿದ್ದ. ಹೇಳುವುದು ಶಾಸ್ತ್ರ, ಕೈಗೆ ಬಂದದ್ದು ಬದನೆಕಾಯಿ. ಅಳಿಯ ಅದನ್ನು ನಾಲ್ಕು ಮಡಿಕೆ ಮಾಡಿ ಜೇಬಿಗೆ ಹಾಕಿಕೊಂಡ. ಅವಳು ನೀಲಿಯೊಳಗಿನ ಕೆನ್ನೇರಳೆ ಶಾಯಿಯನ್ನು ಇಳಿಸಿ ಮತ್ತೆ ಮುದ್ರಿಸಿದಳು.

ಎರಡನೇ ಹಾಳೆಯನ್ನು ಯಜಮಾನರು ಕಿಟಕಿಯ ಬೆಳಕಿಗೆ ಹಿಡಿದು ಹತ್ತಿರದಿಂದ, ದೂರದಿಂದ ನೋಡಿದರು. ಅವರು ಕೆಟ್ಟವರಲ್ಲ, ಅರವತ್ತೊಂದರಲ್ಲೂ ತಾನು ಕಡಲಾಗಬೇಕು ಎಂದು ಆಸೆಪಟ್ಟ ನಟ ಅಷ್ಟೇ. "ಇದು ನಾನೇನಾ?" ಎಂದರು ಕೊನೆಗೆ.

"ನೀವೇ," ಎಂದಳು.

"ಹಾಗಾದ್ರೆ ಬಲ್ಬು ತರಿಸೋಣ," ಎಂದರು ಅವರು ಅಳಿಯನಿಗೆ.

ಪೋಸ್ಟರುಗಳು ಗೋಡೆಗಳ ಮೇಲೆ ಬಂದವು. ಜನ ನಿಂತು ನೋಡಿದರು. ಈ ಸಲ ಯಾರೂ ನಗಲಿಲ್ಲ. ಒಬ್ಬ ಅಜ್ಜಿ ಗೋಡೆಯ ಹತ್ತಿರ ಹೋಗಿ ಸಮುದ್ರರಾಜನ ಕೆನ್ನೆ ಮುಟ್ಟಿ ಬೆರಳು ನೋಡಿಕೊಂಡಳು, ಬಣ್ಣ ಹತ್ತಿತೇನೋ ಎಂದು. ಬಣ್ಣದ ಮೇಷ್ಟ್ರು ದಾರಿಯಲ್ಲಿ ಹೋಗುವಾಗ ಒಂದು ಪೋಸ್ಟರಿನ ಮುಂದೆ ನಿಂತು ಬಲಗಿವಿಯನ್ನು ಬಹಳ ಹೊತ್ತು ನೋಡಿದ. ಮನೆಗೆ ಬಂದು, "ನೇರಳೆ ಹಾಕಿದೀಯ," ಎಂದ. "ಇಲ್ಲ, ಪ್ರಿಂಟ್ ತಪ್ಪು," ಎಂದಳು. ಮೂರು ದಿನಕ್ಕೇ ಟಿಕೆಟ್ ಎಲ್ಲ ಖಾಲಿಯಾದವು.

ಮೊದಲ ಆಟಕ್ಕೆ ಅವರಿಬ್ಬರೂ ಹೋದರು, ಕೊನೆಯ ಸಾಲಿನಲ್ಲಿ ಕೂತರು. ಮೂವತ್ತು ವರ್ಷದಲ್ಲಿ ಅವನು ನಾಟಕವನ್ನು ಮುಂದಿನಿಂದ ನೋಡಿದ್ದು ಅದೇ ಮೊದಲು. ಅಭ್ಯಾಸಬಲಕ್ಕೆ ಬಣ್ಣದ ಪೆಟ್ಟಿಗೆಯನ್ನೂ ತಂದು ಕಾಲ ಕೆಳಗೆ ಇಟ್ಟುಕೊಂಡಿದ್ದ. ಯಾಕೆ ತಂದಿರಿ ಎಂದು ಅವಳು ಕೇಳಲಿಲ್ಲ.

ಪರದೆ ಎದ್ದಿತು. ನೀಲಿ ದೀಪ ಬಿತ್ತು. ಸಮುದ್ರರಾಜ ನೀಲಿಯಾದ, ಅದು ನಿಜ. ರಾಣಿಯೂ ನೀಲಿಯಾದಳು. ಸಿಂಹಾಸನ ನೀಲಿ, ಮಂತ್ರಿಯ ಗಡ್ಡ ನೀಲಿ, ಬಿಳಿಯ ಆನೆಯ ಚಿತ್ರವೂ ನೀಲಿ. ರಾಣಿಯ ಕೆಂಪು ಉಡುಪು ಕಪ್ಪಗೆ ಕಂಡು ಅವಳು ಗಂಡ ಸತ್ತವಳಂತೆ ನಿಂತಿದ್ದಳು, ಗಂಡ ಪಕ್ಕದಲ್ಲೇ ಪ್ರೇಮಗೀತೆ ಹಾಡುತ್ತಿದ್ದ. ಚಿನ್ನದ ಕಿರೀಟ ತುಕ್ಕು ಹಿಡಿದ ಕೊಡದಂತಾಯಿತು. ಬೆಳ್ಳಗಿರಲಿ ಎಂದಿದ್ದ ಯಜಮಾನರ ಮುಖದಲ್ಲಿ ಕೆಂಪಗಿದ್ದದ್ದೆಲ್ಲ ಕಪ್ಪಾಗಿ, ತುಟಿ ಕಪ್ಪು, ಕೆನ್ನೆಯ ನರ ಕಪ್ಪು, ಪೋಸ್ಟರಿನಲ್ಲಿ ಅರ್ಧ ಹೋಗಿದ್ದ ಸುಕ್ಕುಗಳು ಎರಡರಷ್ಟಾಗಿ ವಾಪಸು ಬಂದಿದ್ದವು.

ಕಿವಿಯಕ್ಕ ಗಂಡನ ತೋಳು ಹಿಡಿದಳು. "ರೀ, ಅದೇ ಅಳಿಯನ ಮೊಬೈಲು."

ಯುದ್ಧದ ದೃಶ್ಯದಲ್ಲಿ ನೀಲಿ ದೀಪ ರಾಜನೊಬ್ಬನ ಮೇಲಷ್ಟೇ ಇತ್ತು. ರಾಜ ಆವೇಶದಿಂದ ಎರಡು ಹೆಜ್ಜೆ ಮುಂದೆ ಬಂದ, ನೀಲಿ ಬೆಳಕಿನಿಂದ ಹೊರಗೆ ಬಿದ್ದ, ತಟ್ಟನೆ ಗೋಧಿಬಣ್ಣದ ಮುದುಕನಾದ. ಮೇಲೆ ಅಟ್ಟದಲ್ಲಿ ದೀಪ ತಿರುಗಿಸುತ್ತಿದ್ದ ಅಳಿಯ ಗಾಬರಿಯಿಂದ ಬೆಳಕನ್ನು ಅವರ ಹಿಂದೆ ಓಡಿಸಿದ. ರಾಜ ಎಡಕ್ಕೆ ಹೋದರೆ ಬೆಳಕು ಬಲಕ್ಕೆ, ರಾಜ ಬಲಕ್ಕೆ ಬಂದರೆ ಬೆಳಕು ಎಡಕ್ಕೆ. ನೀಲಿ ಬಣ್ಣ ಶತ್ರುಸೈನಿಕನ ಮೇಲೆ ಬಿದ್ದು, ಅರ್ಧ ನಿಮಿಷ ಅವನೇ ಸಮುದ್ರರಾಜನಾದ. ಮುಂದಿನ ಸಾಲಿನಿಂದ ಒಬ್ಬ ಹಿರಿಯರು ಎದ್ದು ನಿಂತು ತುಂಬ ವಿನಯದಿಂದ ಕೇಳಿದರು:

"ಸ್ವಾಮಿ, ಪೋಸ್ಟರಲ್ಲಿರೋರು ಯಾವಾಗ ಬರ್ತಾರೆ?"

ಇಡೀ ಸಭೆ ಹೋ ಎಂದಿತು. ಆಮೇಲೆ ಅದು ನಿಲ್ಲಲಿಲ್ಲ. "ಪೋಸ್ಟರೋರು ಬರ್ಲಿ! ಪೋಸ್ಟರೋರು ಬರ್ಲಿ!" ಪರದೆ ಹೊತ್ತಿಗೆ ಮುಂಚೆಯೇ ಬಿತ್ತು.

ಕಿವಿಯಕ್ಕ ಹೊಟ್ಟೆ ಉರಿದುಕೊಂಡು ಮಾಡಿದ ಕೆಲಸ ಅಲ್ಲಿ ಗಂಡನ ಪರವಾಗಿ ಕೂಗುತ್ತಿತ್ತು. ಕೆಟ್ಟದಾಗಿ ಮಾಡಿದ್ದಿದ್ದರೆ ಈ ಜನಕ್ಕೆ ಯಾವ ನೀಲಿಯಾದರೂ ಸಾಕಾಗುತ್ತಿತ್ತು. ಪರದೆಯ ಸಂದಿಯಲ್ಲಿ ಒಂದು ಕೈ ಕಂಡಿತು, ಕೊನೆಯ ಸಾಲಿನ ಕಡೆ ಬೀಸಿ ಬೀಸಿ ಕರೆಯುತ್ತಿತ್ತು. ಅವನು ಪೆಟ್ಟಿಗೆ ಎತ್ತಿಕೊಂಡು ಎದ್ದ.

"ಎರಡು ಗಂಟೆ ಕೆಲಸ ರೀ ಅದು," ಎಂದಳು.

"ಅರ್ಧ ಗಂಟೆಯಲ್ಲಿ ಮಾಡ್ತೀನಿ."

"ಕಿವಿ ಮರೀಬೇಡಿ."

ಅವನು ತಿರುಗಿ ನೋಡಿದ ನೋಟವನ್ನು ಇಲ್ಲಿ ಬರೆಯುವ ಅಗತ್ಯವಿಲ್ಲ.

ಮೂವತ್ತೈದು ನಿಮಿಷದ ಮೇಲೆ ಪರದೆ ಮತ್ತೆ ಎದ್ದಾಗ ದೀಪ ಬೆಳ್ಳಗಿತ್ತು. ರಾಣಿ ಕೆಂಪು, ಕಿರೀಟ ಚಿನ್ನ, ಆನೆ ಬಿಳಿ. ನಡುವೆ ರಾಜನೊಬ್ಬನೇ ನೀಲಿ, ಮೂಗಿನ ತುದಿಯಲ್ಲಿ ದೀಪದ ಬಿಳಿ ಹೊಳಪು, ಕೆನ್ನೆಯ ಕೆಳಗೆ ಆಳದ ನೆರಳು. ಜನ ಎದ್ದು ನಿಂತು ಚಪ್ಪಾಳೆ ಹೊಡೆದರು. ಆಟ ಮುಗಿದ ಮೇಲೆ ಯಜಮಾನರು ರಂಗದ ಮೇಲೆ ಬಂದು, ಮೊದಲ ಭಾಗದಲ್ಲಿ ರಾಜನ ಅಂತರಂಗವನ್ನು ತೋರಿಸಲೆಂದೇ ತಾವು ನೀಲಿ ದೀಪದ ಪ್ರಯೋಗ ಮಾಡಿದ್ದಾಗಿ ಹೇಳಿದರು. ಅದಕ್ಕೂ ಚಪ್ಪಾಳೆ ಬಿತ್ತು. ಬಿದ್ದರೂ ಮೀಸೆ ಮಣ್ಣಾಗಲಿಲ್ಲ, ನೀಲಿಯಾಗಿತ್ತು ಅಷ್ಟೇ.

ಇಲ್ಲಿಗೆ ನಿಲ್ಲಿಸಿದ್ದರೆ ಚೆನ್ನಾಗಿತ್ತು. ಆದರೆ ಯಜಮಾನರು ಮತ್ತೆ ಯೋಚಿಸಿದರು.

ತಿಂಗಳು ಕಳೆದ ಮೇಲೆ ಮುಂದಿನ ನಾಟಕ ಗೊತ್ತಾಯಿತು: ಕಾಡಿನ ರಾಕ್ಷಸನದು, ಹಸಿರು ಮೈ. ಯಜಮಾನರು ಮತ್ತೆ ಎಲ್ಲರನ್ನೂ ಕರೆದು ಹೇಳಿದರು: "ಮೇಷ್ಟ್ರು ಇಷ್ಟು ಚೆನ್ನಾಗಿ ಬಣ್ಣ ಹಚ್ಚೋವಾಗ ಪೋಸ್ಟರಿಗೆ ಕಂಪ್ಯೂಟರ್ ಯಾಕೆ? ಬಣ್ಣ ಹಚ್ಚಿಸ್ಕೊಂಡೇ ಫೋಟೋ ತೆಗೆಸ್ತೀನಿ. ಹೊಳೆಯೋ ಕಡೆ ಪೌಡರ್ ಹಾಕಿದ್ರಾಯ್ತು. ನೇರ ಪ್ರಿಂಟಿಗೆ ಕಳಿಸೋಣ." ಮೇಷ್ಟ್ರು ಏನೋ ಹೇಳಲು ಬಾಯಿ ತೆರೆದ. ಯಜಮಾನರು ಅವನ ಬೆನ್ನು ತಟ್ಟಿ, "ನಿಮ್ಮ ಮನೆಯೋರೂ ಪಾಪ ಎಷ್ಟಂತ ದುಡೀತಾರೆ?" ಎಂದರು.

ಅಂಗಡಿ ಮಾಲೀಕ ಆ ಸುದ್ದಿ ಕೇಳಿದ ದಿನ ಲ್ಯಾಮಿನೇಷನ್ ಮೇಜಿನ ಪಕ್ಕ ಒಂದು ಹೊಸ ಕುರ್ಚಿ ತಂದಿಟ್ಟ. ಮೆತ್ತನೆ ಹಾಸು ಇತ್ತು. ಕಿವಿಯಕ್ಕ ಅದನ್ನು ನೋಡಿ ಒಳ್ಳೆಯ ಕುರ್ಚಿ ಎಂದಳು. ಮನೆಗೆ ಬಂದು ಗಂಡನಿಗೂ ಹಾಗೆಯೇ ಹೇಳಿದಳು. ಅವನು ಸಮಾಧಾನ ಮಾಡಲಿಲ್ಲ, ಜಗಳವನ್ನೂ ತೆಗೆಯಲಿಲ್ಲ. ಗೋಡೆಯ ಕಡೆ ತಿರುಗಿ ಮಲಗಿದ. ಇವನಿಗೇನು, ಇವನ ಕೆಲಸ ಉಳಿಯಿತಲ್ಲ ಎಂದು ಒಂದು ಕ್ಷಣ ಅವಳ ಮನಸ್ಸಿಗೆ ಬಂತು. ಬಂದದ್ದಕ್ಕೆ ನಾಚಿಕೆಯೂ ಆಯಿತು.

ಫೋಟೋ ತೆಗೆದ ಮರುದಿನ ಅವಳು ಮಾನಿಟರಿನ ಕಪ್ಪು ರಟ್ಟುಗಳನ್ನು ಬಿಚ್ಚುತ್ತಿದ್ದಾಗ ಮಾಲೀಕ ಓಡಿ ಬಂದ.

"ಬಿಚ್ಚಬೇಡಿ ಅಕ್ಕ, ಕೂತ್ಕೊಳ್ಳಿ. ಕಂಪನಿಯಿಂದ ಫೋಟೋ ಬಂದಿದೆ. ಪ್ರಿಂಟಿಗೆ ಹಾಕೋಕಾಗಲ್ಲ. ಇನ್ನೊಂದ್ಸಲ ಬಣ್ಣ ಹಚ್ಚಿಸ್ಕೊಳ್ಳೋಕೆ ಯಜಮಾನ್ರು ಸುತಾರಾಂ ಒಪ್ತಿಲ್ಲ, ಮೈಯೆಲ್ಲ ಕಡಿತವಂತೆ. ಮೇಷ್ಟ್ರಿಗೆ ವಯಸ್ಸಾಯ್ತು, ಕಣ್ಣು ಮಂಜಾಗಿದೆ, ಇನ್ನು ಮೇಲೆ ಪೋಸ್ಟರು ಕಿವಿಯಕ್ಕನೇ ನೋಡ್ಕೊಳ್ಲಿ ಅಂತ ಬಯ್ತಿದಾರೆ."

ಅವಳು ಚಿತ್ರ ತೆರೆದಳು. ಹಸಿರು ರಾಕ್ಷಸ. ಹಣೆ, ಕೆನ್ನೆ, ರೆಪ್ಪೆಯ ಮಡಿಕೆ, ಮೂಗಿನ ಹೊಳ್ಳೆಯ ಒಳಬದಿ, ಎಲ್ಲೂ ಒಂದು ಸಾಸಿವೆಯಷ್ಟು ಜಾಗ ಬಿಟ್ಟಿರಲಿಲ್ಲ. ನೆರಳಿಗೆ ಪಾಚಿ ಹಸಿರು, ಎತ್ತರಕ್ಕೆ ಎಳೆ ಹಸಿರು, ಹೊಳಪಿಲ್ಲದ ಹಾಗೆ ಹದವಾಗಿ ಪೌಡರು. ಅದರ ಎರಡು ಪಕ್ಕದಲ್ಲಿ ಅಚ್ಚ ಗೋಧಿಬಣ್ಣದ ಎರಡು ಕಿವಿ.

ಅವಳು ಚಿತ್ರವನ್ನು ಹಿಗ್ಗಿಸಿದಳು. ಕಣ್ಣು ಮಂಜಾದವನು ಬಣ್ಣ ಬಿಟ್ಟರೆ ಅಂಚು ಚೆದುರಿರುತ್ತದೆ, ಎಲ್ಲೋ ಒಂದು ಕಡೆ ಕಿವಿಗೆ ಹತ್ತಿರುತ್ತದೆ. ಇಲ್ಲಿ ಹಸಿರು ಕಿವಿಯ ಬುಡದವರೆಗೆ ಬಂದು, ಸಣ್ಣ ಬ್ರಷ್ಷಿನಲ್ಲಿ ತಿದ್ದಿದ ಹಾಗೆ, ಒಂದು ಕೂದಲೆಳೆಯಷ್ಟೂ ದಾಟದೆ ನಿಂತಿತ್ತು. ಎರಡು ಕಡೆಯೂ.

ಅವಳು ಕಣ್ಣೊರೆಸಿಕೊಂಡು ರಟ್ಟುಗಳನ್ನು ಮತ್ತೆ ಕಟ್ಟಿದಳು. ಕಿವಿ ಕೆನ್ನೆಗಿಂತ ಕೆಂಪು. ಕೆನ್ನೆಯ ಹಸಿರನ್ನೇ ತಂದು ಹಾಕಿದರೆ ಕೆಸರಾಗುತ್ತದೆ. ಮೊದಲು ಕೆಂಪನ್ನು ತಗ್ಗಿಸಿ, ಆಮೇಲೆ ಹಸಿರು ಕೊಟ್ಟು, ಕೆನ್ನೆಯಷ್ಟೇ ಆಳಕ್ಕೆ ಇಳಿಸಿ, ಅಂಚಿನಲ್ಲಿ ಚೂರು ಬಿಸುಪು ಉಳಿಸಬೇಕು. ಒಂದು ಗಂಟೆಯ ಕೆಲಸ. ಅವಳು ಇಡೀ ದಿನ ಮಾಡಿದಳು.

ಸಂಜೆ ಊಟದ ತಟ್ಟೆ ಮುಂದಿಟ್ಟಾಗ ಗಂಡ ತಲೆ ತಗ್ಗಿಸಿಕೊಂಡೇ ಕೇಳಿದ, "ಇವತ್ತೇನು ಕೆಲಸ ಇತ್ತು?"

"ಎರಡು ಕಿವಿ," ಎಂದಳು. "ಯಾರೋ ಮುದುಕ ಮರೆತುಬಿಟ್ಟಿದ್ನಂತೆ."

ಹೇಳಿ, ತನ್ನ ಕಿವಿಯ ತುದಿಯನ್ನು ಎರಡು ಬೆರಳಲ್ಲಿ ಹಿಡಿದು ಅಲ್ಲಾಡಿಸಿದಳು. ಅವನು ಬಾಯಿ ಮುಚ್ಚಿಕೊಂಡು ಊಟ ಮಾಡಿದ.